ಬಾಣದ ಮೇಲೆ ಕ್ರಿಯಾಪದವಿರಲಿ: ನರವ್ಯೂಹಕ್ಕೊಂದು ಪರಿಕಲ್ಪನಾ ನಕ್ಷೆ

ನರವ್ಯೂಹದ ಪಾಠಕ್ಕೆ ಪರಿಕಲ್ಪನಾ ನಕ್ಷೆ ಬರೆದು ತನ್ನಿ ಎಂದರೆ ವಿದ್ಯಾರ್ಥಿಗಳು ತರುವ ಹಾಳೆಗಳು ಬಹುಮಟ್ಟಿಗೆ ಒಂದೇ ಬಗೆಯಲ್ಲಿರುತ್ತವೆ. ನಡುವೆ ‘ನರವ್ಯೂಹ’ ಎಂಬ ದೊಡ್ಡ ವೃತ್ತ, ಅದರಿಂದ ಸುತ್ತಲೂ ಹೊರಟ ಬಣ್ಣದ ಗೆರೆಗಳು, ಗೆರೆಗಳ ತುದಿಯಲ್ಲಿ ಮೆದುಳು, ಮೆದುಳುಬಳ್ಳಿ, ನರಕೋಶ, ಪರಾವರ್ತಿತ ಪ್ರತಿಕ್ರಿಯೆ ಎಂಬ ಹೆಸರುಗಳು. ಗೆರೆಗಳ ಮೇಲೆ ಮಾತ್ರ ಒಂದಕ್ಷರವೂ ಇರುವುದಿಲ್ಲ. ಇದು ಪಾಠದ ಉಪಶೀರ್ಷಿಕೆಗಳನ್ನು ದುಂಡಗೆ ಜೋಡಿಸಿದ ಪಟ್ಟಿ ಅಷ್ಟೆ. ಇದನ್ನು ಎಷ್ಟು ಸಲ ನೋಡಿದರೂ ಒಂದು ಭಾಗ ಇನ್ನೊಂದಕ್ಕೆ ಏನು ಮಾಡುತ್ತದೆ ಎಂಬುದು ತಿಳಿಯುವುದಿಲ್ಲ.

ಪರಿಕಲ್ಪನಾ ನಕ್ಷೆಯನ್ನು 1970ರ ದಶಕದ ಆರಂಭದಲ್ಲಿ ರೂಪಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ಮತ್ತು ಅವರ ತಂಡದವರು. ವಿಜ್ಞಾನದ ವಿಷಯದಲ್ಲಿ ಮಕ್ಕಳ ತಿಳಿವಳಿಕೆ ವರ್ಷಗಳು ಕಳೆದಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ಸಂದರ್ಶನಗಳ ಮೂಲಕ ಅಧ್ಯಯನ ಮಾಡುತ್ತಿದ್ದ ಅವರಿಗೆ, ಆ ಮಾತುಗಳಲ್ಲಿ ಅಡಗಿದ್ದ ತಿಳಿವಳಿಕೆಯನ್ನು ಒಂದೇ ನೋಟಕ್ಕೆ ಕಾಣುವಂತೆ ಬರೆದಿಡುವ ವಿಧಾನವೊಂದು ಬೇಕಾಗಿತ್ತು. ಆದುದರಿಂದ ಈ ನಕ್ಷೆಯ ಘಟಕ ಒಂಟಿ ಪದವಲ್ಲ. ಎರಡು ಪರಿಕಲ್ಪನೆಗಳೂ ಅವುಗಳನ್ನು ಬೆಸೆಯುವ ಸಂಬಂಧಪದವೂ ಸೇರಿ ಆಗುವ ಒಂದು ಹೇಳಿಕೆ. ಆ ಹೇಳಿಕೆಯನ್ನು ಸರಿ ಅಥವಾ ತಪ್ಪು ಎಂದು ತೀರ್ಮಾನಿಸಲು ಬರುವಂತಿರಬೇಕು. ಬರಿಯ ಗೆರೆಯನ್ನು ಹಾಗೆ ತೀರ್ಮಾನಿಸಲಾಗದು.

ಮೊದಲು ಒಂದು ಪ್ರಶ್ನೆ

‘ನರವ್ಯೂಹ’ ಎಂಬ ಶೀರ್ಷಿಕೆಯಿಂದ ಆರಂಭಿಸಬೇಡಿ. ಶೀರ್ಷಿಕೆಗೆ ಎಲ್ಲೆ ಇಲ್ಲ. ಪಾಠದಲ್ಲಿರುವ ಪ್ರತಿಯೊಂದು ಪದವೂ ಅದರೊಳಗೆ ಬಂದು ಕೂರುತ್ತದೆ. ಹಾಳೆಯ ಮೇಲ್ತುದಿಯಲ್ಲಿ ಒಂದು ಪ್ರಶ್ನೆಯನ್ನು ಪೂರ್ಣ ವಾಕ್ಯದಲ್ಲಿ ಬರೆಯಿರಿ. ಈ ಲೇಖನದುದ್ದಕ್ಕೂ ನಾವು ಬಳಸುವ ಪ್ರಶ್ನೆ ಇದು: ‘ಬಿಸಿ ಪಾತ್ರೆಗೆ ಬೆರಳು ತಾಗಿದಾಗ ನೋವು ಅರಿವಿಗೆ ಬರುವ ಮುನ್ನವೇ ಕೈ ಹಿಂದಕ್ಕೆ ಬರುವುದು ಹೇಗೆ?’ ಈ ಪ್ರಶ್ನೆಗೆ ಉತ್ತರಿಸಲು ಬೇಡವಾದ ಪದ, ಅದು ಪಾಠದಲ್ಲಿ ದಪ್ಪಕ್ಷರದಲ್ಲಿದ್ದರೂ ಸರಿ, ನಕ್ಷೆಗೆ ಬೇಡ.

ಪದಗಳ ಚೀಟಿಗಳು

ಉತ್ತರಕ್ಕೆ ಬೇಕಾಗುವ ಪದಗಳನ್ನು ಒಂದೊಂದು ಚೀಟಿಯಲ್ಲಿ ಬರೆದುಕೊಳ್ಳಿ: ಶಾಖ, ಚರ್ಮದ ಗ್ರಾಹಕ, ಸಂವೇದನಾ ನರಕೋಶ, ಮೆದುಳುಬಳ್ಳಿ, ಪ್ರಚೋದಕ ನಡುವಣ ನರಕೋಶ, ತಡೆಯುವ ನಡುವಣ ನರಕೋಶ, ಎರಡು ಕ್ರಿಯಾವಾಹಿ ನರಕೋಶಗಳು, ಬೈಸೆಪ್ಸ್, ಟ್ರೈಸೆಪ್ಸ್, ಮೆದುಳಿಗೆ ಏರುವ ನರಕೋಶ, ಥಲಾಮಸ್, ಮಹಾಮಸ್ತಿಷ್ಕದ ತೊಗಟೆ, ನೋವಿನ ಅರಿವು. ಇಪ್ಪತ್ತನ್ನು ಮೀರಿದರೆ ಪ್ರಶ್ನೆ ದೊಡ್ಡದಾಯಿತೆಂದು ತಿಳಿಯಿರಿ. ಒಂದು ಚೀಟಿಯಲ್ಲಿ ಒಂದೇ ಪರಿಕಲ್ಪನೆ ಇರಲಿ. ‘ಆವೇಗವು ಮೆದುಳುಬಳ್ಳಿಯನ್ನು ತಲುಪುವುದು’ ಎಂಬ ಇಡೀ ವಾಕ್ಯವನ್ನು ಚೀಟಿಗೆ ತುಂಬಿದರೆ ಬಾಣಕ್ಕೆ ಕೆಲಸವೇ ಉಳಿಯುವುದಿಲ್ಲ. ಚರ್ಮದಲ್ಲಿ ಶಾಖವನ್ನು ಗ್ರಹಿಸುವ ನರತುದಿಗೂ ನರಕೋಶದ ಮೇಲ್ಮೈಯಲ್ಲಿರುವ ಪ್ರೋಟೀನಿಗೂ ಪುಸ್ತಕಗಳಲ್ಲಿ ‘ಗ್ರಾಹಕ’ ಎಂಬ ಒಂದೇ ಹೆಸರಿರುವುದರಿಂದ, ಅವೆರಡನ್ನೂ ‘ಚರ್ಮದ ಗ್ರಾಹಕ’, ‘ಗ್ರಾಹಕ ಪ್ರೋಟೀನ್’ ಎಂದು ಬೇರೆಬೇರೆಯಾಗಿಯೇ ಬರೆಯಬೇಕು.

ಚೀಟಿಗೆ ಹಳೆಯ ನೋಟ್‌ಪುಸ್ತಕದ ಹಾಳೆ ಸಾಕು. ಅಂಗಡಿಯಲ್ಲಿ ದೊರೆಯುವ ಅಗ್ಗದ ಅಂಟುಚೀಟಿಗಳು ಎರಡು ಸಲ ಸ್ಥಳ ಬದಲಿಸುವಷ್ಟರಲ್ಲಿ ಅಂಟು ಕಳೆದುಕೊಳ್ಳುತ್ತವೆ. ಪರೀಕ್ಷಾ ಮಾರ್ಗದರ್ಶಿಗಳಲ್ಲಿ ಅಚ್ಚಾಗಿ ಬರುವ ಸಿದ್ಧ ನಕ್ಷೆಗಳನ್ನಂತೂ ಕೊಳ್ಳಲೇಬೇಡಿ. ಅವುಗಳಲ್ಲಿ ಹೆಚ್ಚಿನವು ಮೇಲೆ ಹೇಳಿದ ಬರಿಗೆರೆಯ ಪಟ್ಟಿಗಳೇ. ಕಂಪ್ಯೂಟರಿನಲ್ಲಿ ಬರೆಯಲು ಬಯಸುವವರಿಗೆ, ಬಾಣದ ಮೇಲೆ ಪದ ಬರೆಯುವಂತೆ ತಾನಾಗಿಯೇ ಕೇಳುವ CmapTools ಎಂಬ ಉಚಿತ ತಂತ್ರಾಂಶವಿದೆ. ಆದರೂ ಮೊದಲ ಕರಡು ಪೆನ್ಸಿಲಿನಲ್ಲಿಯೇ ಆಗಲಿ.

ಚೀಟಿಗಳನ್ನು ಹರಡುವುದು ಸುಲಭ: ಶಾಖ ಎಡತುದಿಯಲ್ಲಿ, ಸ್ನಾಯುಗಳು ಬಲತುದಿಯಲ್ಲಿ, ಮೆದುಳಿನ ಭಾಗಗಳು ಮೇಲೆ, ಉಳಿದವು ನಡುವೆ ಇರಲಿ.

ಬಾಣಗಳು: ಕೆಲಸ ಕೆಡುವ ಜಾಗ

ಇನ್ನು ಮುಂದಿನದನ್ನು ನಿಧಾನವಾಗಿ ಮಾಡಬೇಕು. ನಕ್ಷೆಯ ಮೇಲೆ ಕಳೆಯುವ ಸಮಯದ ಬಹುಪಾಲು ಬಾಣಗಳಿಗೇ ಹೋಗಬೇಕು.

ಮೊದಲ ತೊಡಕು ನಮ್ಮ ವಾಕ್ಯರಚನೆಯದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಕ್ಷೆಯಲ್ಲಿ ಅದು ಎರಡು ಚೌಕಗಳ ನಡುವೆ ಕೂರುತ್ತದೆ. ಹೀಗಾಗಿ ವಿದ್ಯಾರ್ಥಿಗಳು ಬಾಣದ ಮೇಲೆ ‘ಸಂಬಂಧ’, ‘ಮೂಲಕ’, ‘ಸಂದೇಶ’ ಎಂಬ ಹಿಡಿತವಿಲ್ಲದ ನಾಮಪದಗಳನ್ನು ಬರೆದು ಮುಂದೆ ಸಾಗುತ್ತಾರೆ. ಇದಕ್ಕೆ ನಾನು ಒತ್ತಾಯಿಸುವ ಕ್ರಮವೆಂದರೆ, ವಿಭಕ್ತಿ ಪ್ರತ್ಯಯವನ್ನೂ ಬಾಣದ ಮೇಲೆಯೇ ಬರೆಯುವುದು: ‘-ಅನ್ನು ಪ್ರಚೋದಿಸುತ್ತದೆ’, ‘-ಇಂದ ಬಿಡುಗಡೆಯಾಗುತ್ತದೆ’, ‘-ಕ್ಕೆ ಅಂಟಿಕೊಳ್ಳುತ್ತದೆ’. ಓದುವಾಗ ಬಾಣದ ಬುಡದ ಚೌಕ, ಆಮೇಲೆ ತುದಿಯ ಚೌಕ, ಕೊನೆಗೆ ಬಾಣದ ಮೇಲಿನ ಮಾತು. ‘ಶಾಖವು ಚರ್ಮದ ಗ್ರಾಹಕವನ್ನು ಪ್ರಚೋದಿಸುತ್ತದೆ’ ಎಂದು ವಾಕ್ಯ ಸರಿಯಾಗಿ ಕೂಡಿಬರುತ್ತದೆ. ಗಟ್ಟಿಯಾಗಿ ಓದಿದಾಗ ವಾಕ್ಯವಾಗದ ಬಾಣವನ್ನು ಅಳಿಸಿಬಿಡಿ.

ಎರಡನೆಯ ತೊಡಕು, ಒಂದೇ ಬಗೆಯ ಬಾಣಕ್ಕೆ ಬೇರೆಬೇರೆ ಅರ್ಥ ಕೊಡುವುದು. ‘ಮೆದುಳುಬಳ್ಳಿ’ಯಿಂದ ‘ನಡುವಣ ನರಕೋಶ’ಕ್ಕೆ ಎಳೆದ ಬಾಣ ‘-ಅನ್ನು ಒಳಗೊಂಡಿದೆ’ ಎಂದು ಹೇಳುತ್ತದೆ. ‘ಸಂವೇದನಾ ನರಕೋಶ’ದಿಂದ ಅದೇ ಚೌಕಕ್ಕೆ ಬರುವ ಬಾಣ ‘-ಅನ್ನು ಪ್ರಚೋದಿಸುತ್ತದೆ’ ಎನ್ನುತ್ತದೆ. ಮೊದಲನೆಯದು ರಚನೆ, ಎರಡನೆಯದು ಘಟನೆ. ಎರಡೂ ಒಂದೇ ರೀತಿ ಕಂಡರೆ ಓದುಗ ಮೆದುಳುಬಳ್ಳಿಯೇ ನರಕೋಶವನ್ನು ಪ್ರಚೋದಿಸುತ್ತದೆಂದು ತಿಳಿಯುತ್ತಾನೆ. ರಚನೆಗೆ ಚುಕ್ಕೆಗೆರೆ, ಪ್ರಚೋದಿಸುವ ಘಟನೆಗೆ ನೀಲಿ ಬಾಣ, ತಡೆಯುವ ಘಟನೆಗೆ ತುದಿಯಲ್ಲಿ ಅಡ್ಡಗೀಟಿರುವ ಕೆಂಪು ಗೆರೆ ಇರಲಿ. ಬೇರೆ ಯಾವ ಬಣ್ಣವೂ ನಕ್ಷೆಗೆ ಬೇಡ.

ಕೆಂಪು ಗೆರೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಮೊಣಕೈ ಮಡಿಸಬೇಕಾದರೆ ಬೈಸೆಪ್ಸ್ ಸಂಕುಚಿಸಿದರೆ ಸಾಲದು, ಅದಕ್ಕೆ ಎದುರಾಗಿ ಎಳೆಯುವ ಟ್ರೈಸೆಪ್ಸ್ ಸಡಿಲಗೊಳ್ಳಲೂ ಬೇಕು. ಇದನ್ನು ಅರಿತವರು ಸಹ ‘ಸಂವೇದನಾ ನರಕೋಶವು ಟ್ರೈಸೆಪ್ಸನ್ನು ತಡೆಯುತ್ತದೆ’ ಎಂದು ಒಂದೇ ಗೆರೆಯಲ್ಲಿ ಮುಗಿಸುತ್ತಾರೆ. ಇದು ತಪ್ಪು. ಸಂವೇದನಾ ನರಕೋಶ ಇಲ್ಲಿಯೂ ಪ್ರಚೋದಿಸುತ್ತದೆ. ಆದರೆ ಅದು ಪ್ರಚೋದಿಸುವುದು ತಡೆಯುವ ನಡುವಣ ನರಕೋಶವನ್ನು. ಆ ನಡುವಣ ನರಕೋಶ ಟ್ರೈಸೆಪ್ಸಿಗೆ ಹೋಗುವ ಕ್ರಿಯಾವಾಹಿ ನರಕೋಶವನ್ನು ತಡೆಯುತ್ತದೆ, ಆಗ ಸ್ನಾಯುವಿಗೆ ಆವೇಗ ಕಡಿಮೆಯಾಗಿ ಅದು ಸಡಿಲವಾಗುತ್ತದೆ. ಆದುದರಿಂದ ನಕ್ಷೆಯಲ್ಲಿ ಮೊದಲು ನೀಲಿ ಬಾಣ, ಅನಂತರ ಕೆಂಪು ಗೆರೆ ಬರಬೇಕು. ಮನುಷ್ಯರ ಮತ್ತು ಇತರ ಕಶೇರುಕಗಳ ದೇಹದಲ್ಲಿ ಕ್ರಿಯಾವಾಹಿ ನರಕೋಶವು ಕೈಕಾಲಿನ ಸ್ನಾಯುವನ್ನು ನೇರವಾಗಿ ತಡೆಯುವುದಿಲ್ಲ. ತಡೆ ನಡೆಯುವುದು ಮೆದುಳುಬಳ್ಳಿಯೊಳಗೆ. ನಿಮ್ಮ ಕೆಂಪು ಗೆರೆ ಸ್ನಾಯುವಿಗೇ ಬಂದು ತಾಗಿದ್ದರೆ ಒಂದು ಕೊಂಡಿ ತಪ್ಪಿಹೋಗಿದೆ ಎಂದರ್ಥ.

ಮೂರನೆಯ ತೊಡಕು ಸೈನಾಪ್ಸಿನದು. ಒಂದು ನರಕೋಶದಿಂದ ಇನ್ನೊಂದಕ್ಕೆ ‘ಸಂದೇಶ ಕಳುಹಿಸುತ್ತದೆ’ ಎಂದು ಬರೆದಾಗ, ವಿದ್ಯುತ್ ಆವೇಗವೇ ನಡುವಿನ ಬಿರುಕನ್ನು ಜಿಗಿದು ದಾಟಿತೆಂಬ ಭಾವನೆ ಉಳಿಯುತ್ತದೆ. ಇಲ್ಲಿ ನಡೆಯುವುದು ಹಾಗಲ್ಲ. ಆವೇಗವು ಆಕ್ಸಾನಿನ ತುದಿಯನ್ನು ತಲುಪಿ ಅಲ್ಲಿನ ಕ್ಯಾಲ್ಸಿಯಂ ಕಾಲುವೆಗಳನ್ನು ತೆರೆಸುತ್ತದೆ; ಒಳಬಂದ ಕ್ಯಾಲ್ಸಿಯಂ ಅಯಾನುಗಳು ನರಪ್ರೇಷಕ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತವೆ; ನರಪ್ರೇಷಕವು ಬಿರುಕನ್ನು ದಾಟಿ ಎದುರಿನ ಕೋಶದ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ; ಪ್ರಚೋದನೆ ಸಾಕಷ್ಟಾದರೆ ಆ ಕೋಶದಲ್ಲಿ ಹೊಸ ಆವೇಗ ಹುಟ್ಟುತ್ತದೆ. ಇಷ್ಟನ್ನೂ ಪ್ರತಿ ಸೈನಾಪ್ಸಿನಲ್ಲಿ ಬರೆದರೆ ಹಾಳೆ ತುಂಬಿಹೋಗುತ್ತದೆ. ಆದುದರಿಂದ ಒಂದೇ ಕಡೆ, ಕ್ರಿಯಾವಾಹಿ ನರಕೋಶವು ಬೈಸೆಪ್ಸನ್ನು ಸೇರುವಲ್ಲಿ, ವಿವರವಾಗಿ ಬರೆಯಿರಿ; ಅಲ್ಲಿನ ನರಪ್ರೇಷಕ ಅಸಿಟೈಲ್‌ಕೋಲೀನ್. ಉಳಿದ ಸೈನಾಪ್ಸ್‌ಗಳಿಗೆ ಬಾಣದ ನಡುವೆ ಒಂದು ಸಣ್ಣ ವೃತ್ತ ಹಾಕಿದರೆ ಸಾಕು. ಹತ್ತನೇ ತರಗತಿಯವರು ಕ್ಯಾಲ್ಸಿಯಂ ಮತ್ತು ಗ್ರಾಹಕ ಪ್ರೋಟೀನಿನ ಕೊಂಡಿಗಳನ್ನು ಬಿಟ್ಟು ಆವೇಗ, ರಾಸಾಯನಿಕ, ಹೊಸ ಆವೇಗ ಎಂಬ ಮೂರು ಚೌಕಗಳಲ್ಲಿ ಇದನ್ನು ಮುಗಿಸಬಹುದು.

ಅಡ್ಡಕೊಂಡಿಗಳು

ಈಗ ಮೆದುಳಿನ ಕಡೆಗೆ ಬನ್ನಿ. ಸಂವೇದನಾ ನರಕೋಶದಿಂದಲೇ ಹೊರಟ ಇನ್ನೊಂದು ಕವಲು, ಮೆದುಳಿಗೆ ಏರುವ ನರಕೋಶ ಮತ್ತು ಥಲಾಮಸ್ ಮೂಲಕ ತೊಗಟೆಗೆ ತಲುಪಿ ನೋವಿನ ಅರಿವಾಗುತ್ತದೆ. ನಮ್ಮ ಪ್ರಶ್ನೆಯ ‘ಮುನ್ನವೇ’ ಎಂಬ ಮಾತಿಗೆ ಉತ್ತರ ಇಲ್ಲಿದೆ: ಸ್ನಾಯುವಿನ ದಾರಿ ಚಿಕ್ಕದು, ಮೆದುಳಿನ ದಾರಿ ಉದ್ದ, ಅರಿವು ಮೂಡಲು ತೊಗಟೆಯಲ್ಲಿ ನಡೆಯಬೇಕಾದ ಕೆಲಸವೂ ಹೆಚ್ಚು. ಇವೆರಡೂ ಒಂದೇ ಕಾಲಕ್ಕೆ ಹೊರಡುವ ಕವಲುಗಳೆಂಬುದು ನಕ್ಷೆಯಲ್ಲಿ ಕಾಣಬೇಕು. ‘ನೋವಿನ ಅರಿವು’ ಎಂಬ ಚೌಕದಿಂದ ಬೈಸೆಪ್ಸಿನ ಕಡೆಗೆ ಬಾಣ ಎಳೆದವರು ಇಡೀ ಪಾಠವನ್ನೇ ತಲೆಕೆಳಗು ಮಾಡಿರುತ್ತಾರೆ.

ಹಾಗೆಂದು ಮೆದುಳಿಗೂ ಈ ಪರಾವರ್ತಿತ ಪ್ರತಿಕ್ರಿಯೆಗೂ ಸಂಬಂಧವೇ ಇಲ್ಲವೆಂದಲ್ಲ. ಕೈಯಲ್ಲಿರುವ ಬಿಸಿ ಪಾತ್ರೆಯಲ್ಲಿ ಸಾರು ಇದೆ, ಬಿಟ್ಟರೆ ಕಾಲ ಮೇಲೆ ಚೆಲ್ಲುತ್ತದೆ ಎಂದು ತಿಳಿದಾಗ ನಾವು ಹಲ್ಲುಕಚ್ಚಿ ಕಟ್ಟೆಯವರೆಗೂ ಅದನ್ನು ಒಯ್ಯುತ್ತೇವೆ. ಮೆದುಳಿನಿಂದ ಇಳಿದುಬರುವ ನರಕೋಶಗಳು ಮೆದುಳುಬಳ್ಳಿಯಲ್ಲಿ ಈ ಪ್ರತಿಕ್ರಿಯೆಯನ್ನು ತಗ್ಗಿಸಬಲ್ಲವು. ತೊಗಟೆಯಿಂದ ಕೆಳಗಿಳಿಯುವ ಈ ಕೆಂಪು ಗೆರೆ ನಕ್ಷೆಯ ಎರಡು ದೂರದ ಭಾಗಗಳನ್ನು ಬೆಸೆಯುತ್ತದೆ. ಇಂಥದನ್ನೇ ನೊವಾಕ್ ಅಡ್ಡಕೊಂಡಿ ಎಂದು ಕರೆದು, ನಕ್ಷೆಯನ್ನು ಅಳೆಯುವಾಗ ಅದಕ್ಕೆ ಹೆಚ್ಚಿನ ತೂಕ ಕೊಟ್ಟರು. ಇಂಥ ಒಂದೆರಡು ಸಾಕು. ಎಲ್ಲಕ್ಕೂ ಎಲ್ಲವನ್ನೂ ಜೋಡಿಸಬೇಡಿ.

ಕತ್ತರಿಸಿ ನೋಡುವುದು

ನಕ್ಷೆ ಸರಿಯಿದೆಯೇ ಎಂದು ತಿಳಿಯಲು ಒಂದು ಬಾಣದ ಮೇಲೆ ಬೆರಳಿಟ್ಟು ಮುಚ್ಚಿ, ಅದರ ಮುಂದೆ ಏನೇನು ನಿಲ್ಲುತ್ತದೆ ಎಂದು ನಕ್ಷೆಯಿಂದಲೇ ಓದಿ ಹೇಳಿ. ಹೊಲಿಗೆ ಹಾಕುವ ಮುನ್ನ ವೈದ್ಯರು ಬೆರಳಿಗೆ ಚುಚ್ಚುವ ಲಿಗ್ನೋಕೇನ್ ಸೋಡಿಯಂ ಕಾಲುವೆಗಳನ್ನು ಮುಚ್ಚಿ ಸಂವೇದನಾ ನರಕೋಶದ ಆವೇಗವನ್ನು ತಡೆಯುತ್ತದೆ. ಅಲ್ಲಿ ಕತ್ತರಿಸಿದರೆ ನೋವೂ ಇಲ್ಲ, ಕೈ ಹಿಂದಕ್ಕೆ ಬರುವುದೂ ಇಲ್ಲ. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣಕ್ಕೆ ಹಚ್ಚುತ್ತಿದ್ದ ಕ್ಯುರಾರೆ ವಿಷ ಸ್ನಾಯುವಿನ ಅಸಿಟೈಲ್‌ಕೋಲೀನ್ ಗ್ರಾಹಕಗಳನ್ನು ಮುಚ್ಚುತ್ತದೆ. ಅಲ್ಲಿ ಕತ್ತರಿಸಿದರೆ ನೋವು ತಿಳಿಯುತ್ತದೆ, ಕೈ ಮಾತ್ರ ಅಲುಗದು. ಇದೇ ನಕ್ಷೆಯನ್ನು ಕಾಲಿಗೆ ಅನ್ವಯಿಸಿ, ಎದೆಯ ಮಟ್ಟದಲ್ಲಿ ಮೆದುಳುಬಳ್ಳಿ ತುಂಡಾದ ವ್ಯಕ್ತಿಯನ್ನು ಊಹಿಸಿಕೊಳ್ಳಿ. ಏರುವ ದಾರಿ ಕಡಿದಿರುವುದರಿಂದ ನೋವು ತಿಳಿಯದು. ಗಾಯದ ಆರಂಭದ ಅವಧಿ ಕಳೆದ ಮೇಲೆ ಪಾದಕ್ಕೆ ಚುಚ್ಚಿದರೆ ಕಾಲು ಹಿಂದಕ್ಕೆ ಸರಿಯಬಹುದು. ನಿಮ್ಮ ನಕ್ಷೆ ಈ ಮೂರು ಪ್ರಶ್ನೆಗಳಿಗೆ ಬೇರೆಬೇರೆ ಉತ್ತರ ಕೊಡದಿದ್ದರೆ ಕವಲೊಡೆಯಬೇಕಾದ ಜಾಗದಲ್ಲಿ ಅದು ನೇರವಾಗಿ ಹೋಗಿದೆ. ಸಂವೇದನಾ ನರಕೋಶದಿಂದ ಹೊರಡುವ ಬಾಣಗಳನ್ನು ಮೊದಲು ಎಣಿಸಿ, ಅವು ಮೂರಿರಬೇಕು.

ಈ ನಕ್ಷೆಗೆ ಹೇಳಲಾಗದ ಸಂಗತಿಗಳೂ ಇವೆ. ಆವೇಗ ಹುಟ್ಟುವಾಗ ಕೋಶಪೊರೆಯ ವಿಭವ ಸುಮಾರು -70 ಮಿಲಿವೋಲ್ಟ್‌ನಿಂದ ಮೇಲೇರಿ ಮತ್ತೆ ಇಳಿಯುವುದು ಕೆಲವೇ ಮಿಲಿಸೆಕೆಂಡುಗಳ ಮಾತು. ಆ ಏರಿಳಿತವನ್ನು ಚೌಕ ಮತ್ತು ಬಾಣಗಳಲ್ಲಿ ತೋರಿಸಲು ಹೊರಟವರು ಅಕ್ಷರಗಳಲ್ಲಿಯೇ ಕಳೆದುಹೋಗುತ್ತಾರೆ. ಅದಕ್ಕೆ ಕಾಲ ಮತ್ತು ವೋಲ್ಟೇಜಿನ ರೇಖಾಚಿತ್ರವನ್ನು ಬೇರೆ ಹಾಳೆಯಲ್ಲಿ ಬರೆದು, ನಕ್ಷೆಯ ‘ಆವೇಗ’ ಎಂಬ ಚೌಕದ ಪಕ್ಕದಲ್ಲಿ ಆ ಹಾಳೆಯ ಸಂಖ್ಯೆಯನ್ನು ನಮೂದಿಸಿ.