ಡ್ರಮ್ ಬದಲಾಯಿಸಿದ ಮೇಲೆ ವಯಲ್ ಹಳದಿಯಾಗಲಿಲ್ಲ

ಕೋಲಾರದ ನಮ್ಮ ಲ್ಯಾಬಿನಲ್ಲಿ ಡಿಸ್ಕಾರ್ಡ್‌ಗೆ ಅಂದರೆ ಬಿಸಾಡುವ ಪ್ಲೇಟುಗಳ ಬ್ಯಾಕ್ಟೀರಿಯಾವನ್ನು ಹಬೆಯಲ್ಲಿ ಕೊಲ್ಲೋದಕ್ಕೆ ಅಂತಲೇ ಒಂದು ವರ್ಟಿಕಲ್ ಆಟೋಕ್ಲೇವ್ ಇದೆ, ಸುಮಾರು 50 ಲೀಟರಿನದು. ನಾನು ಸೇರುವ ಮುಂಚೆ ವಾರ ವಾರ ಸ್ಪೋರ್ ವಯಲ್ ಹಾಕುತ್ತಿದ್ದರು, ವಾರ ವಾರ ಪಾಸಾಗುತ್ತಿತ್ತು. ವಯಲಿನೊಳಗಿನ ಬ್ಯಾಕ್ಟೀರಿಯಾ ಸ್ಪೋರ್ ಸತ್ತರೆ ಬಣ್ಣ ನೇರಳೆಯಾಗಿಯೇ ಉಳಿಯುತ್ತದೆ, ಬದುಕಿದ್ದರೆ ಹಳದಿಯಾಗುತ್ತದೆ. ವಯಲ್ ಎಲ್ಲಿಡುತ್ತಿದ್ದರು ಅಂತ ನೋಡಿದರೆ, ಮುಚ್ಚಳದ ಕೆಳಗೆ ದಾರ ಕಟ್ಟಿ ನೇತುಹಾಕುತ್ತಿದ್ದರು. ನಾನು ಅದನ್ನು ತೆಗೆದು ಹಳದಿ ಚೀಲದೊಳಗೆ, ಕಲ್ಚರ್ ಪ್ಲೇಟುಗಳ ಮಧ್ಯಕ್ಕೆ ಸೇರಿಸಿದೆ. 48 ಗಂಟೆ ಇನ್‌ಕ್ಯುಬೇಟ್ ಮಾಡಿ ತೆಗೆದರೆ ನೇರಳೆ ಇರಬೇಕಾದದ್ದು ಹಳದಿಯಾಗಿತ್ತು, ಆಟೋಕ್ಲೇವಿಗೆ ಹಾಕದೆ ಪಕ್ಕದಲ್ಲಿಟ್ಟಿದ್ದ ಕಂಟ್ರೋಲ್ ವಯಲಿನ ಹಾಗೇ. ಬಿಸಿ ಹಬೆ ತಾಗಿದರೆ ಕಪ್ಪಾಗಲಿ ಅಂತ ಚೀಲದ ಮೇಲೆ ಅಂಟಿಸಿದ್ದ ಟೇಪ್ ಮಾತ್ರ ಕಪ್ಪಗೆ ಚೆನ್ನಾಗಿ ತಿರುಗಿತ್ತು.

"ಇಷ್ಟು ವರ್ಷ ಪಾಸಾಗಿದ್ದು ಈಗ ಯಾಕೆ ಫೇಲ್ ಆಗುತ್ತೆ? ನೀವು ಇಡೋ ಜಾಗ ತಪ್ಪು" ಅಂದರು ನಮ್ಮ ಸೀನಿಯರ್ ಮೇಡಂ. ಬ್ಯಾಕ್ಟೀರಿಯಾ ಇರೋದು ಪ್ಲೇಟಿನೊಳಗೆ ಮೇಡಂ, ಮುಚ್ಚಳದ ಕೆಳಗಲ್ಲವಲ್ಲ, ಅಂದೆ. ಅವರು ಒಪ್ಪಲಿಲ್ಲ, ಆದರೆ ತಡೆಯಲೂ ಇಲ್ಲ.

ಆಮೇಲೆ ಎರಡೂವರೆ ತಿಂಗಳು ದುಡ್ಡು ಹೋಯಿತು. ವಯಲ್ ಬ್ಯಾಚೇ ಕೆಟ್ಟಿರಬಹುದು ಅಂತ ಹೊಸ ಪ್ಯಾಕ್ ತರಿಸಿದೆ, ಒಂದಕ್ಕೆ ನೂರರ ಮೇಲೆ ಬಿತ್ತು. ಅದೂ ಹಳದಿ. ಹೋಲ್ಡಿಂಗ್, ಅಂದರೆ ಒತ್ತಡ ಮುಟ್ಟಿದ ಮೇಲೆ ಹಿಡಿದಿಡುವ ಹೊತ್ತನ್ನು 60 ನಿಮಿಷದಿಂದ 90ಕ್ಕೆ ಏರಿಸಿದೆ, ಹಳದಿ. ಗ್ಯಾಸ್ಕೆಟ್ ಬದಲಾಯಿಸಿದ್ದಕ್ಕೆ ಸಾವಿರದ ಇನ್ನೂರೋ ಮುನ್ನೂರೋ ಆಯಿತು. ಕಾಯಿಲ್ ನೋಡಿದರೆ ಬೋರ್‌ವೆಲ್ ನೀರಿನ ಸುಣ್ಣ ಬೆರಳು ದಪ್ಪ ಕಟ್ಟಿತ್ತು. ಅದನ್ನೂ ಬದಲಾಯಿಸಿ, ಅವತ್ತಿಂದ ಆರ್‌ಓ ನೀರೇ ಹಾಕುತ್ತಿದ್ದೇವೆ. ನೀರು ಬೇಗ ಕಾಯುವಂತಾಯಿತು, ವಯಲ್ ಮಾತ್ರ ಹಳದಿಯೇ. ಬೆಂಗಳೂರಿಂದ ಬಂದ ಮೆಕ್ಯಾನಿಕ್ ಗೇಜ್ ತಟ್ಟಿ ನೋಡಿ, "ಮಿಷನ್ ಸರಿ ಇದೆ ಅಣ್ಣ, 15 ಪೌಂಡ್ ನಿಲ್ತಾ ಇದೆ. ಸಮಾಧಾನ ಇಲ್ಲ ಅಂದ್ರೆ ವ್ಯಾಕ್ಯೂಮ್ ಇರೋದು ತಗೊಳ್ಳಿ" ಅಂತ ಮೂರು ಲಕ್ಷದ ಲೆಕ್ಕ ಹೇಳಿ, ವಿಸಿಟ್ ಚಾರ್ಜ್ ತಗೊಂಡು ಹೋದ. ಅಷ್ಟೂ ದಿನ ನಮ್ಮ ಡಿಸ್ಕಾರ್ಡ್ ಚೀಲಗಳನ್ನು ಪರಿಚಯದ ಒಂದು ಆಸ್ಪತ್ರೆಯ ಆಟೋಕ್ಲೇವಿಗೆ ಒಯ್ಯುತ್ತಿದ್ದೆವು. ಮೊದಲ ಫೇಲ್‌ಗೆ ಮುಂಚೆ ಆ ವಾರ ಕಳಿಸಿಬಿಟ್ಟಿದ್ದ ಚೀಲಗಳನ್ನು ವಾಪಸ್ ತರುವಂತಿರಲಿಲ್ಲ. ಅವನ್ನು ಒಯ್ದ ವೈದ್ಯಕೀಯ ತ್ಯಾಜ್ಯದ ಕಾಮನ್ ಫೆಸಿಲಿಟಿಗೆ ಫೋನ್ ಮಾಡಿ ತಿಳಿಸಿ, ಹಾಗಂತಲೇ ರಿಜಿಸ್ಟರಿನಲ್ಲಿ ಬರೆದೆ.

ದಾರಿ ತೋರಿಸಿದ್ದು ಮ್ಯಾಕ್ಸಿಮಮ್ ಥರ್ಮಾಮೀಟರ್, ಏರಿದ ಪಾದರಸ ಇಳಿಯದೆ ನಿಲ್ಲುತ್ತಲ್ಲ, ಅದು. ಅದನ್ನು ಚೀಲದ ನಡುವೆ ಇಟ್ಟು ಒಂದು ಸೈಕಲ್ ಓಡಿಸಿದೆ. ಗೇಜ್ 15 ತೋರಿಸುತ್ತಿದ್ದರೆ, 121 ಡಿಗ್ರಿ ಬರಬೇಕಾದ ಚೀಲದೊಳಗೆ 106 ಡಿಗ್ರಿ. ನಂಬಿಕೆ ಬರದೆ ಇನ್ನೊಂದು ಪರೀಕ್ಷೆ ಮಾಡಿದೆ. ಅಸಿಟನಿಲೈಡ್ 114 ಡಿಗ್ರಿಗೆ ಕರಗುತ್ತದೆ. ಚಿಟಿಕೆ ಪುಡಿಯನ್ನು ಸಣ್ಣ ಗಾಜಿನ ಕೊಳವೆಗಳಲ್ಲಿ ಹಾಕಿ ಬಾಯಿ ಸುಟ್ಟು ಮುಚ್ಚಿ, ಒಂದನ್ನು ಚೀಲದ ಮೇಲೆ, ಒಂದನ್ನು ನಡುವೆ ಇಟ್ಟೆ. ಮೇಲಿನದು ಕರಗಿ ಗಟ್ಟಿಯಾಗಿತ್ತು, ನಡುವಿನದು ಪುಡಿಯಾಗಿಯೇ ಇತ್ತು. (ಬೆಂಜೊಯಿಕ್ ಆಮ್ಲವನ್ನೂ ನೋಡಿದೆ. ಅದು ಕರಗೋದು 122ಕ್ಕೆ, ನಮ್ಮ ಕೆಲಸಕ್ಕೆ ಒಂದು ಡಿಗ್ರಿ ಜಾಸ್ತಿ. ಬಿಟ್ಟೆ.) ಮೇಡಂ ಎರಡು ಕೊಳವೆಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ಜಾಗ ತಪ್ಪು ಅನ್ನುವ ಮಾತು ಮತ್ತೆ ಬರಲಿಲ್ಲ.

ತಪ್ಪಿದ್ದದ್ದು ಡ್ರಮ್ಮಿನಲ್ಲಿ. ಚೀಲ ಸೋರಿದರೆ ಚೇಂಬರ್ ಗಲೀಜಾಗುತ್ತೆ ಅಂತ ಯಾರೋ ತೂತಿಲ್ಲದ ಎತ್ತರದ ಸ್ಟೀಲ್ ಡ್ರಮ್ ಮಾಡಿಸಿದ್ದರು. ಹಬೆಗಿಂತ ಗಾಳಿ ಭಾರ. ಬಿಂದಿಗೆಯಲ್ಲಿ ನೀರು ನಿಂತ ಹಾಗೆ ಗಾಳಿ ಡ್ರಮ್ಮಿನ ತಳದಲ್ಲಿ ನಿಂತುಬಿಡುತ್ತಿತ್ತು. ಅದರೊಳಗೆ ಬಾಯಿ ಬಿಗಿದ ಎರಡು ಚೀಲ, ಒಂದರ ಮೇಲೊಂದು. ಪ್ಲೇಟುಗಳು ಬೇರೆ ಕರಗಿ ಅಂಟಿಕೊಂಡು ಮುದ್ದೆಯಾಗುತ್ತವೆ, ಒಳಗೆ ಹಬೆ ಹೋಗಲು ದಾರಿಯೇ ಇಲ್ಲ. ಗೇಜು ಗಾಳಿಯ ಒತ್ತಡವನ್ನೂ ಕೂಡಿಸಿಯೇ 15 ತೋರಿಸುತ್ತದೆ. ಅರ್ಧ ಗಾಳಿ ಒಳಗೇ ಉಳಿದರೆ ಅದೇ 15 ಪೌಂಡಿಗೆ 112 ಡಿಗ್ರಿ ಮಾತ್ರ ಸಿಗುತ್ತದೆ.

ಈಗ ನಾನು ತುಂಬುವುದು ಹೀಗೆ. ಸುತ್ತಲೂ ತೂತಿರುವ ಬುಟ್ಟಿ, ಅದರೊಳಗೆ ಸೋರಿಕೆಗೆ ನಾಲ್ಕು ಬೆರಳು ಎತ್ತರದ ಟ್ರೇ. ಚೀಲ ಮುಕ್ಕಾಲಿಗಿಂತ ಕಮ್ಮಿ ತುಂಬಬೇಕು, ಪ್ಲೇಟ್ 40 ದಾಟಬಾರದು. ಒಳಗೆ ಸುಮಾರು 200 ಮಿಲಿ ನೀರು ಸುರಿದು ಬಾಯನ್ನು ಎರಡು ಬೆರಳು ಹೋಗುವಷ್ಟು ಸಡಿಲ ಬಿಡುತ್ತೇನೆ. ಆ ನೀರೇ ಒಳಗೆ ಹಬೆಯಾಗಿ ಗಾಳಿಯನ್ನು ಆಚೆ ನೂಕುತ್ತದೆ. ಎರಡು ಚೀಲ ಇದ್ದರೆ ನಡುವೆ ತಂತಿಯ ಸ್ಟ್ಯಾಂಡ್. ಪ್ಲೇಟ್ ಜೋಡಿಸುವುದರಲ್ಲಿ ನನ್ನದೇ ಒಂದು ರೀತಿ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಗಾಳಿ ಹೋಯಿತೋ ಇಲ್ಲವೋ ಅಂತ ತಿಳಿಯಲು ಎಕ್ಸಾಸ್ಟ್‌ಗೆ ರಬ್ಬರ್ ಟ್ಯೂಬ್ ಸಿಕ್ಕಿಸಿ ತಣ್ಣೀರಿನ ಬಕೆಟ್ಟಿಗೆ ಬಿಟ್ಟೆ. ಗಾಳಿ ಇರುವ ತನಕ ಗುಳ್ಳೆ ಮೇಲೆ ಬರುತ್ತದೆ. ಬರೀ ಹಬೆಯಾದರೆ ಅದು ನೀರಲ್ಲೇ ಕರಗಿ ಟಪಟಪ ಸದ್ದಾಗುತ್ತದೆ, ಗುಳ್ಳೆ ಇರುವುದಿಲ್ಲ. ಮೊದಲೆಲ್ಲ ಹಬೆ ಕಂಡ ಎರಡೇ ನಿಮಿಷಕ್ಕೆ ನಾವು ವಾಲ್ವ್ ಮುಚ್ಚುತ್ತಿದ್ದೆವು. ಗುಳ್ಳೆ ನಿಲ್ಲೋಕೆ ಒಂಬತ್ತು ನಿಮಿಷ ಹಿಡಿಯಿತು. ವಾಲ್ವ್ ಮುಚ್ಚುವ ಮೊದಲು ಟ್ಯೂಬನ್ನು ನೀರಿನಿಂದ ಎತ್ತಿಬಿಡಿ, ಮರೆತರೆ ತಣ್ಣಗಾಗುವಾಗ ಬಕೆಟ್ ನೀರು ಒಳಗೆ ಎಳೆದುಕೊಳ್ಳುವ ಭಯ ಇದೆ.

ಇಷ್ಟಾದರೂ ನಡುವಿನ ಥರ್ಮಾಮೀಟರ್ 119ರ ಆಸುಪಾಸಿನಲ್ಲೇ ನಿಂತಿತು. ಇದು ಊರಿನ ಎತ್ತರದ ಕೆಲಸ. ಕೋಲಾರ ಸಮುದ್ರಮಟ್ಟದಿಂದ 820 ಮೀಟರ್ ಮೇಲಿದೆ, ಹೊರಗಿನ ವಾಯುಭಾರವೇ ಒಂದೂಕಾಲು, ಒಂದೂವರೆ ಪೌಂಡ್ ಕಡಿಮೆ. ಗೇಜು ಅದರ ಮೇಲೆ ಎಣಿಸುವುದರಿಂದ 15 ಅಂದರೆ ಇಲ್ಲಿ ಬರುವುದು 119.5 ಡಿಗ್ರಿ. 121 ಬೇಕಾದರೆ ಹದಿನಾರೂವರೆಗೆ ಒಯ್ಯಬೇಕು. ಚಿಕ್ಕಬಳ್ಳಾಪುರ ನಮಗಿಂತ ಎತ್ತರ, ಅಲ್ಲಿನವರಿಗೆ ಇನ್ನೂ ಚೂರು ಜಾಸ್ತಿ ಬೇಕಾದೀತು. ಸೇಫ್ಟಿ ವಾಲ್ವ್ ಎಷ್ಟಕ್ಕೆ ಬಿಡುತ್ತೆ ಅಂತ ನೋಡಿಕೊಂಡೇ ಪ್ರೆಷರ್ ಸ್ವಿಚ್ ತಿರುಗಿಸಿದೆ. ಸೇಫ್ಟಿ ವಾಲ್ವನ್ನು ಮಾತ್ರ ಯಾರೂ ಮುಟ್ಟಬಾರದು.

ಮ್ಯಾಕ್ಸಿಮಮ್ ಥರ್ಮಾಮೀಟರ್ ಎಷ್ಟು ಹೊತ್ತಿಗೆ ಏರಿತು ಅಂತ ಹೇಳುವುದಿಲ್ಲ. ಹಾಗಾಗಿ ಒಂದೇ ತರಹದ ಲೋಡನ್ನು ಮೂರು ಸಲ ಬೇರೆ ಬೇರೆ ಹೊತ್ತು ಓಡಿಸಿದೆ. ನೆನಪಿನ ಮೇಲೆ ಹೇಳುವುದಾದರೆ 20 ನಿಮಿಷಕ್ಕೆ ನಡುವೆ 113, ಅರ್ಧ ಗಂಟೆಗೆ 119, 40ಕ್ಕೆ 121. ಅಂದರೆ ನಿಯಮದ 60 ನಿಮಿಷದಲ್ಲಿ ಚೀಲದ ಹೊಟ್ಟೆಗೆ ಸಿಗುವುದು 20 ನಿಮಿಷ. ಅದಕ್ಕೇ ಒಂದು ನಿಮಿಷವನ್ನೂ ಉಳಿಸಲು ಹೋಗುವುದಿಲ್ಲ. ಬ್ಯಾಕ್ಟೀರಿಯಾ ಬೆಳೆಸುವ ಮೀಡಿಯಾವನ್ನು ಮಾತ್ರ ಇಷ್ಟು ಹೊತ್ತು ಇಡಬಾರದು. ಮಧ್ಯೆ ಒಮ್ಮೆ ಮ್ಯಾಕಾಂಕಿ ಅನ್ನುವ ಅಂಥ ಮೀಡಿಯಾದ ಬಾಟಲನ್ನೂ ಜೊತೆಗಿಟ್ಟಿದ್ದೆ, ಬಣ್ಣ ಕಂದಾಗಿ ಅಗರ್ ಸರಿಯಾಗಿ ಗಟ್ಟಿಯಾಗಲಿಲ್ಲ.

ರಿಜಿಸ್ಟರಿನಲ್ಲಿ ಹಳೆಯ "15 ಪೌಂಡ್, ಓಕೆ" ತೆಗೆದುಹಾಕಿದೆ. ಸೈಕಲ್ ನಂಬರ್, ಎಷ್ಟು ಚೀಲ, ವಾಲ್ವ್ ಮುಚ್ಚಿದ ಹೊತ್ತು, ಹದಿನಾರೂವರೆ ಮುಟ್ಟಿದ ಹೊತ್ತು, ಆಫ್ ಮಾಡಿದ ಹೊತ್ತು, ನಡುವಿನ ಥರ್ಮಾಮೀಟರ್ ಓದು, ಸಹಿ, ಪಕ್ಕದಲ್ಲಿ ಟೇಪಿನ ತುಂಡು. ವಯಲಿನ ಫಲಿತಾಂಶ ಎರಡು ದಿನ ಬಿಟ್ಟು ಅದೇ ಸಾಲಿಗೆ ಬರುತ್ತದೆ, ಅಲ್ಲಿವರೆಗೆ ಆ ಖಾನೆ ಖಾಲಿ. ನಡುವೆ ಕರೆಂಟ್ ಹೋಗಿ ಒತ್ತಡ ಇಳಿದರೆ 60 ನಿಮಿಷ ಮತ್ತೆ ಸೊನ್ನೆಯಿಂದ, ಎರಡನ್ನೂ ಬರೆಯಬೇಕು. ಫೇಲ್ ಆದ ಸಾಲಿಗೆ ಕೆಂಪು ಇಂಕು. ಐದು ವರ್ಷ ಇಡಬೇಕಾದ ದಾಖಲೆ, ಹಳದಿಯಾದ ಆ ವಾರಗಳ ಹಾಳೆಗಳನ್ನೂ ಹರಿಯದೆ ಇಟ್ಟಿದ್ದೇನೆ.

ತೂತಿನ ಬುಟ್ಟಿ ಮಾಡಿಸಿದ್ದು ಇಲ್ಲೇ ವೆಲ್ಡಿಂಗ್ ಅಂಗಡಿಯಲ್ಲಿ, ಸಾವಿರದ ಎಂಟುನೂರಕ್ಕೆ. ಅವತ್ತಿಂದ 30ಕ್ಕೂ ಹೆಚ್ಚು ವಾರ ಚೀಲದ ನಡುವಿನ ವಯಲ್ ನೇರಳೆಯಾಗಿಯೇ ಬಂದಿದೆ. ಒಂದು ವಾರ ಮಾತ್ರ ಹಳದಿ. ಆವತ್ತು ಹೊಸ ಹುಡುಗ ಚೀಲದ ಬಾಯಿ ಬಿಗಿಯಾಗಿ ಕಟ್ಟಿದ್ದ. ಚೀಲಗಳು ಇನ್ನೂ ನಮ್ಮಲ್ಲೇ ಇದ್ದವು, ಬಾಯಿ ಸಡಿಲಿಸಿ ಎರಡನ್ನೂ ಮತ್ತೆ ಓಡಿಸಿದೆವು.