ವಾರವಾರವೂ ಬದಲಾಗುವ ಗಂಟೆಗಳಿಂದ ವಾರ್ಷಿಕ ಸಂಬಳ ಲೆಕ್ಕ ಹಾಕಿದ್ದು: ನನ್ನ ಅನುಭವ

ಅರೆಕಾಲಿಕ ಕೆಲಸದಲ್ಲಿ ಗಂಟೆಗೆ 200 ದರವಿದ್ದಾಗ ನನ್ನ ಸ್ಪ್ರೆಡ್‌ಶೀಟ್ ವರ್ಷಕ್ಕೆ 2,21,236 ಎಂದು ತೋರಿಸುತ್ತಿತ್ತು. ಕೈಗೆ ಬಂದ ಹಣಕ್ಕೆ ಅದು ಹೊಂದುತ್ತಿರಲಿಲ್ಲ.

ಗಂಟೆಯ ದರವನ್ನು, ವಾರಕ್ಕೆ 40 ಗಂಟೆಯಂತೆ ವರ್ಷಕ್ಕಾಗುವ 2,080ರಿಂದ ಗುಣಿಸುವುದು ಪೂರ್ಣಕಾಲಿಕರಿಗೆ ಮಾತ್ರ ಸರಿ. ನಾಲ್ಕು ವಾರಗಳ ಗಳಿಕೆಯನ್ನು 12ರಿಂದ ಗುಣಿಸಿದರೆ 48 ವಾರಗಳಷ್ಟೇ ಲೆಕ್ಕಕ್ಕೆ ಬರುತ್ತವೆ.

ನಿಜವಾದ ದೋಷ `AVERAGE` ಸೂತ್ರದಲ್ಲಿತ್ತು. ನಾನು ದಾಖಲಿಸಿದ್ದ 13 ವಾರಗಳಲ್ಲಿ ಕೆಲಸವೇ ಸಿಗದ ಎರಡು ವಾರಗಳ ಕೋಶಗಳನ್ನು ಖಾಲಿ ಬಿಟ್ಟಿದ್ದೆ. ಆ ಸೂತ್ರ ಖಾಲಿ ಕೋಶಗಳನ್ನು ಕೈಬಿಡುವುದರಿಂದ ಒಟ್ಟು 234 ಗಂಟೆಗಳು 13ರ ಬದಲು 11ರಿಂದ ಭಾಗವಾಗಿ, ಸರಾಸರಿ 18ರ ಬದಲು 21.27 ಆಗುತ್ತಿತ್ತು. ಮೊದಲು ಆ ಕೋಶಗಳಲ್ಲಿ 0 ಬರೆದೆ; ನಂತರ, ಮತ್ತೆ ಯಾವುದಾದರೂ ಕೋಶ ಖಾಲಿ ಉಳಿದರೂ ತಪ್ಪಾಗದಂತೆ, ಸಾಲುಗಳನ್ನೇ ಎಣಿಸುವ ಸೂತ್ರ ಹಾಕಿದೆ:

```
=SUM(B2:B14)/ROWS(B2:B14)*52*200
```

ಉತ್ತರ 1,87,200 ಬಂತು. 13 ವಾರಗಳಲ್ಲಿ ಪಡೆದ 46,800ನ್ನು ನಾಲ್ಕರಿಂದ ಗುಣಿಸಿದರೂ ಇಷ್ಟೇ ಆಗುತ್ತದೆ.

ಸಂಬಳವಿಲ್ಲದ ವಾರಗಳು ಸೊನ್ನೆಯಾಗಿ ಈಗಾಗಲೇ ಸೇರಿರುವುದರಿಂದ, ಅವುಗಳಿಗಾಗಿ 52ನ್ನು ಮತ್ತೆ ತಗ್ಗಿಸಬಾರದು. ಕೆಲಸ ಋತುವಿಗೆ ತಕ್ಕಂತೆ ಏರಿಳಿಯುವುದಾದರೆ 13 ವಾರ ಸಾಲದು. ಹಿಂದಿನ 52 ವಾರಗಳ ದಾಖಲೆಯನ್ನೇ ತೆಗೆದುಕೊಳ್ಳಬೇಕು.