ಒಂದು ಲೋಟದಲ್ಲಿ ಮದ್ಯಸಾರ ಎಷ್ಟು? ಅಳೆಯುವುದು ಹೀಗೆ

‘ಕುಡಿಯುವ ದಿನ ಸಾಮಾನ್ಯವಾಗಿ ಎಷ್ಟು ಡ್ರಿಂಕ್ಸ್ ಆಗುತ್ತದೆ?’ ಎಂದು ವೈದ್ಯರು ಕೇಳಿದರೆ ಬಹಳಷ್ಟು ಜನ ‘ಎರಡು’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ; ತಾವು ಖಾಲಿ ಮಾಡಿದ ಲೋಟಗಳನ್ನು ಎಣಿಸಿ ಹೇಳುತ್ತಿರುತ್ತಾರೆ. ವೈದ್ಯರಿಗೆ ಬೇಕಾಗಿರುವುದು ಮಾತ್ರ ಲೋಟಗಳ ಸಂಖ್ಯೆಯಲ್ಲ, ಆ ಲೋಟಗಳ ಮೂಲಕ ದೇಹ ಸೇರಿದ ಶುದ್ಧ ಮದ್ಯಸಾರದ ತೂಕ. ಆ ತೂಕವನ್ನು ಎಣಿಕೆಗೆ ಸಿಗುವಂತೆ ಮಾಡುವ ಅಳತೆಗೋಲೇ ‘ಸ್ಟ್ಯಾಂಡರ್ಡ್ ಡ್ರಿಂಕ್’.

ಈ ಅಳತೆಗೋಲು ಎಲ್ಲ ದೇಶಗಳಲ್ಲೂ ಒಂದೇ ಆಗಿಲ್ಲ. ಆಸ್ಟ್ರೇಲಿಯಾದಲ್ಲಿ ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಎಂದರೆ 10 ಗ್ರಾಂ ಮದ್ಯಸಾರ, ಅಮೆರಿಕದಲ್ಲಿ 14 ಗ್ರಾಂ. ಬ್ರಿಟನ್ನಿನಲ್ಲಿ ಅದನ್ನು ‘ಯೂನಿಟ್’ ಎನ್ನುತ್ತಾರೆ. ಅದು 8 ಗ್ರಾಂ. ಹಾಗಾಗಿ ‘ದಿನಕ್ಕೆ ಇಷ್ಟು ಡ್ರಿಂಕ್ಸ್’ ಎಂಬ ಮಾತು ಎಲ್ಲಿಯೇ ಕಂಡರೂ, ಅದು ಯಾವ ದೇಶದ ಲೆಕ್ಕ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಈ ಲೇಖನದಲ್ಲಿ 10 ಗ್ರಾಂ ಅಳತೆಯನ್ನೇ ಬಳಸಿದ್ದೇನೆ. ಲೆಕ್ಕಕ್ಕೆ ಅದು ಸುಲಭ.

ಮೊದಲ ಹೆಜ್ಜೆ ಬಾಟಲಿಯ ಲೇಬಲ್ ಓದುವುದು. ಅಲ್ಲಿ ಶೇಕಡಾವಾರು ರೂಪದಲ್ಲಿ ಎಬಿವಿ ಎಂಬ ಅಂಕಿ ಇರುತ್ತದೆ. ಶೇ 5 ಎಂದಿದ್ದರೆ ಪ್ರತಿ 100 ಮಿ.ಲೀ. ಪಾನೀಯದಲ್ಲಿ 5 ಮಿ.ಲೀ. ಮದ್ಯಸಾರ ಇದೆ ಎಂದರ್ಥ. ಇದು ಗಾತ್ರದ ಲೆಕ್ಕವೇ ಹೊರತು ತೂಕದ ಲೆಕ್ಕವಲ್ಲ ಎಂಬುದನ್ನು ಮರೆತಾಗಲೇ ಹೆಚ್ಚಿನ ತಪ್ಪುಗಳಾಗುತ್ತವೆ. ಮದ್ಯಸಾರ ನೀರಿಗಿಂತ ಹಗುರ; ಒಂದು ಮಿ.ಲೀ. ನೀರು ಒಂದು ಗ್ರಾಂ ತೂಗಿದರೆ, ಒಂದು ಮಿ.ಲೀ. ಮದ್ಯಸಾರ 0.789 ಗ್ರಾಂ ಮಾತ್ರ ತೂಗುತ್ತದೆ. ಮನೆಯ ಲೆಕ್ಕಕ್ಕೆ ಇದನ್ನು 0.8 ಎಂದು ಹಿಡಿದರೆ ಸಾಕು. ಕೆಲವು ಬಾಟಲಿಗಳ ಮೇಲೆ ಎಬಿವಿ ಜೊತೆಗೆ ‘ಪ್ರೂಫ್’ ಎಂಬ ಅಂಕಿಯೂ ಇರುತ್ತದೆ. ಅಮೆರಿಕದ ಪದ್ಧತಿಯಲ್ಲಿ ಅದು ಎಬಿವಿಯ ಎರಡರಷ್ಟು, ಅಂದರೆ 80 ಪ್ರೂಫ್ ಎಂದರೆ ಶೇ 40.

ಎರಡನೆಯ ಹೆಜ್ಜೆ ಗುಣಾಕಾರ. ಕುಡಿದ ಮಿ.ಲೀ. ಪ್ರಮಾಣವನ್ನು ಎಬಿವಿಯಿಂದ ಗುಣಿಸಿ 100ರಿಂದ ಭಾಗಿಸಿದರೆ ಮದ್ಯಸಾರದ ಗಾತ್ರ ಸಿಗುತ್ತದೆ, ಅದನ್ನು 0.8ರಿಂದ ಗುಣಿಸಿದರೆ ಗ್ರಾಂ ಲೆಕ್ಕದಲ್ಲಿ ತೂಕ ಸಿಗುತ್ತದೆ. ಆ ತೂಕವನ್ನು 10ರಿಂದ ಭಾಗಿಸಿದರೆ ಎಷ್ಟು ಸ್ಟ್ಯಾಂಡರ್ಡ್ ಡ್ರಿಂಕ್ ಎಂಬುದು ತಿಳಿಯುತ್ತದೆ.

ಈಗ 250 ಮಿ.ಲೀ. ಹಿಡಿಯುವ ಒಂದು ಗಾಜಿನ ಲೋಟವನ್ನು ಮುಂದಿಟ್ಟುಕೊಳ್ಳೋಣ. ಅದರ ತುಂಬ ಶೇ 5ರ ಬಿಯರ್ ಸುರಿದರೆ 12.5 ಮಿ.ಲೀ. ಮದ್ಯಸಾರ, ಅಂದರೆ 10 ಗ್ರಾಂ. ಸರಿಯಾಗಿ ಒಂದು ಡ್ರಿಂಕ್. ಇಲ್ಲಿ ಲೋಟದ ಎಣಿಕೆಯೂ ಡ್ರಿಂಕಿನ ಎಣಿಕೆಯೂ ಹೊಂದಿಕೊಳ್ಳುವುದರಿಂದಲೇ ‘ಒಂದು ಲೋಟವೆಂದರೆ ಒಂದು ಡ್ರಿಂಕ್’ ಎಂಬ ನಂಬಿಕೆ ಗಟ್ಟಿಯಾಗಿ ಉಳಿದಿದೆ ಎಂದು ನನಗನ್ನಿಸುತ್ತದೆ. ಅದೇ ಲೋಟಕ್ಕೆ ಶೇ 8ರ ಸ್ಟ್ರಾಂಗ್ ಬಿಯರ್ ತುಂಬಿದರೆ ಮದ್ಯಸಾರ 16 ಗ್ರಾಂಗೆ ಏರುತ್ತದೆ. ಬಣ್ಣ ಅದೇ, ನೊರೆ ಅದೇ, ಲೋಟವೂ ಅದೇ. ಆದರೆ ಡ್ರಿಂಕ್ ಒಂದೂವರೆಗಿಂತ ಹೆಚ್ಚು. ಶೇ 13ರ ವೈನನ್ನು ಅಂಚಿನವರೆಗೆ ತುಂಬಿದರೆ 26 ಗ್ರಾಂ, ಎರಡೂವರೆಗಿಂತ ಮೇಲು. ಶೇ 40ರ ವಿಸ್ಕಿಯನ್ನು 60 ಮಿ.ಲೀ. ಹಾಕಿ ಉಳಿದದ್ದನ್ನು ಸೋಡಾದಿಂದ ತುಂಬಿದರೆ 19 ಗ್ರಾಂ, ಹೆಚ್ಚುಕಡಿಮೆ ಎರಡು ಡ್ರಿಂಕ್. ಸೋಡಾ, ನೀರು ಅಥವಾ ಐಸ್ ಬೆರೆಸಿದಾಗ ರುಚಿ ತೆಳುವಾಗುತ್ತದೆಯೇ ವಿನಾ ಲೋಟದೊಳಗಿನ ಒಟ್ಟು ಮದ್ಯಸಾರ ಒಂದು ಹನಿಯಷ್ಟೂ ಕಡಿಮೆಯಾಗುವುದಿಲ್ಲ.

ಮೂರನೆಯ ಹೆಜ್ಜೆಯೇ ಎಲ್ಲಕ್ಕಿಂತ ಕಷ್ಟದ್ದು: ನಿಜವಾಗಿ ಎಷ್ಟು ಮಿ.ಲೀ. ಸುರಿದಿದ್ದೇವೆ ಎಂಬುದನ್ನು ತಿಳಿಯುವುದು. ವಿಸ್ಕಿ, ರಮ್ ಮುಂತಾದವನ್ನು ಬೆರಳಿನ ಲೆಕ್ಕದಲ್ಲಿ ಹಾಕುವವರು ಬಹಳ ಮಂದಿ. ಲೋಟದ ತಳಕ್ಕೆ ಎರಡು ಬೆರಳು ಅಡ್ಡ ಹಿಡಿದು ಅಷ್ಟರವರೆಗೆ ಸುರಿಯುತ್ತಾರೆ. ಈ ಲೇಖನಕ್ಕಾಗಿ ಮನೆಯಲ್ಲಿದ್ದ ನೇರ ಗೋಡೆಯ ಎರಡು ಲೋಟಗಳ ಒಳವ್ಯಾಸವನ್ನು ಸ್ಕೇಲಿನಿಂದ ಅಳೆದು ನೋಡಿದೆ: ಒಂದು 6 ಸೆಂ.ಮೀ., ಇನ್ನೊಂದು 8 ಸೆಂ.ಮೀ. ಪಕ್ಕಪಕ್ಕದಲ್ಲಿ ಇಟ್ಟರೆ ಅಂಥ ವ್ಯತ್ಯಾಸವೇನೂ ಕಾಣುವುದಿಲ್ಲ. ಆದರೆ ಲೋಟದ ಅಡ್ಡಳತೆ ಹೆಚ್ಚಿದಂತೆ ಅದು ಹಿಡಿಯುವ ಪ್ರಮಾಣ ಅದರ ವರ್ಗದ ಲೆಕ್ಕದಲ್ಲಿ ಹೆಚ್ಚುತ್ತದೆ. ಮೊದಲನೆಯದರಲ್ಲಿ ಎರಡು ಸೆಂ.ಮೀ. ಎತ್ತರಕ್ಕೆ ಸುಮಾರು 57 ಮಿ.ಲೀ. ಹಿಡಿದರೆ, ಎರಡನೆಯದರಲ್ಲಿ ಅದೇ ಎತ್ತರಕ್ಕೆ 100 ಮಿ.ಲೀ. ಹಿಡಿಯಿತು. ಶೇ 40ರ ಮದ್ಯವಾದರೆ ಮೊದಲನೆಯದು 18 ಗ್ರಾಂ, ಎರಡನೆಯದು 32 ಗ್ರಾಂ. ಎತ್ತರ ಬದಲಾಗಲಿಲ್ಲ, ಬಾಟಲಿ ಬದಲಾಗಲಿಲ್ಲ, ಆದರೂ ಒಂದೂಕಾಲು ಡ್ರಿಂಕಿಗಿಂತ ಹೆಚ್ಚಿನ ಅಂತರ. ಮೇಲಕ್ಕೆ ಹೋದಂತೆ ಅಗಲವಾಗುವ ವೈನ್ ಗ್ಲಾಸಿನಲ್ಲಿ ಕಣ್ಣಂದಾಜು ಇನ್ನೂ ಹೆಚ್ಚು ಮೋಸ ಮಾಡುತ್ತದೆ, ಏಕೆಂದರೆ ಅಲ್ಲಿ ಪ್ರತಿ ಸೆಂ.ಮೀ. ಎತ್ತರಕ್ಕೂ ಹಿಡಿಯುವ ಪ್ರಮಾಣ ಬೇರೆಬೇರೆ.

ಇದಕ್ಕೆ ಪರಿಹಾರ ಸರಳವಾಗಿದೆ. ನೀವು ದಿನವೂ ಬಳಸುವ ಲೋಟವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಬಳಿಕ ಅಂಕಿಯ ಕಡೆ ನೋಡದೆ, ಮಾಮೂಲಾಗಿ ಎಷ್ಟು ಹಾಕಿಕೊಳ್ಳುತ್ತೀರೋ ಅಷ್ಟು ಮಟ್ಟಕ್ಕೆ ನೀರು ಸುರಿಯಿರಿ. ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಅಷ್ಟೇ ಮಿ.ಲೀ. ನಿಮ್ಮ ಕೈ ಸುರಿಯುತ್ತದೆ. ಮದ್ಯವನ್ನೇ ಸುರಿದು ತೂಗಿದರೆ ಈ ಲೆಕ್ಕ ಸರಿಹೋಗುವುದಿಲ್ಲ. ಶೇ 40ರ ಮದ್ಯ 60 ಮಿ.ಲೀ. ಇದ್ದರೂ ತಕ್ಕಡಿ ಸುಮಾರು 57 ಗ್ರಾಂ ಎಂದೇ ತೋರಿಸುತ್ತದೆ. ಆದ್ದರಿಂದ ಅಳತೆಗೆ ನೀರೇ ಸರಿ. ಐಸ್ ಹಾಕುವ ಅಭ್ಯಾಸವಿದ್ದರೆ ಐಸ್ ಇಲ್ಲದೆಯೇ ಅಳೆಯಬೇಕು, ಇಲ್ಲದಿದ್ದರೆ ಐಸ್ ಆಕ್ರಮಿಸಿದ ಜಾಗವೂ ಮಟ್ಟದಲ್ಲಿ ಸೇರಿಕೊಳ್ಳುತ್ತದೆ.

ಲೇಬಲ್ ಇಲ್ಲದ ಪಾನೀಯಕ್ಕೆ ಈ ಯಾವ ಲೆಕ್ಕವೂ ಅನ್ವಯಿಸದು. ಬಣ್ಣ, ವಾಸನೆ, ಗಂಟಲಿನ ಉರಿ ಇವುಗಳಿಂದ ಶೇಕಡಾವಾರು ಪ್ರಮಾಣವನ್ನು ಊಹಿಸಲಾಗದು. ಇನ್ನೊಂದು ಮಿತಿಯನ್ನೂ ಒತ್ತಿ ಹೇಳಬೇಕು: ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಎಂದರೆ ಸುರಕ್ಷಿತ ಪ್ರಮಾಣ ಎಂದಲ್ಲ. ಆರೋಗ್ಯಕ್ಕೆ ಸುರಕ್ಷಿತವಾದ ಮದ್ಯಸೇವನೆಯ ಮಟ್ಟ ಎಂಬುದು ಯಾವುದೂ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಅಷ್ಟೇ ಗ್ರಾಂ ಕುಡಿದ ಇಬ್ಬರ ರಕ್ತದಲ್ಲಿ ಮದ್ಯಸಾರದ ಮಟ್ಟ ಒಂದೇ ಇರಬೇಕೆಂದೂ ಇಲ್ಲ. ದೇಹದ ತೂಕ, ಹೊಟ್ಟೆಯಲ್ಲಿರುವ ಆಹಾರ, ಕುಡಿದ ವೇಗ ಎಲ್ಲವೂ ಅದನ್ನು ಬದಲಿಸುತ್ತವೆ.

ಲೋಟ ಖಾಲಿಯಾಗುವ ಮೊದಲೇ ಮತ್ತೆ ಮತ್ತೆ ತುಂಬಿಸಿಕೊಳ್ಳುವವರಿಗೆ ಲೋಟದ ಎಣಿಕೆ ಸಾಧ್ಯವೇ ಇಲ್ಲ. ಅಂಥವರು ಬಾಟಲಿಯ ಕಡೆಯಿಂದ ಲೆಕ್ಕ ಹಾಕುವುದು ಒಳ್ಳೆಯದು. ಶೇ 40ರ ವಿಸ್ಕಿಯ 700 ಮಿ.ಲೀ. ಬಾಟಲಿಯಲ್ಲಿ 280 ಮಿ.ಲೀ. ಮದ್ಯಸಾರ, ಅಂದರೆ 224 ಗ್ರಾಂ ಇರುತ್ತದೆ. ಬಾಟಲಿ ತೆರೆದ ದಿನವನ್ನು ಲೇಬಲ್ ಮೇಲೆ ಬರೆದಿಟ್ಟು, ಒಬ್ಬರೇ ಕುಡಿದು ಅದು ಎಷ್ಟು ಸಲಕ್ಕೆ ಮುಗಿಯಿತೆಂದು ಗುರುತು ಹಾಕಿಕೊಳ್ಳಿ. ಎಂಟು ಸಲಕ್ಕೆ ಮುಗಿದರೆ ಪ್ರತಿ ಸಲದ ಸರಾಸರಿ 28 ಗ್ರಾಂ. ‘ಎರಡು’ ಎಂದುಕೊಂಡಿದ್ದು ವಾಸ್ತವದಲ್ಲಿ ಮೂರರ ಹತ್ತಿರ. ಮುಂದಿನ ಬಾರಿ ವೈದ್ಯರಿಗೆ ಹೇಳಬೇಕಾದ ಉತ್ತರ ಇದೇ, ಅದನ್ನೂ ಗ್ರಾಂ ಲೆಕ್ಕದಲ್ಲಿ ಹೇಳಿದರೆ ಯಾವ ದೇಶದ ಅಳತೆ ಎಂಬ ಗೊಂದಲವೂ ಉಳಿಯುವುದಿಲ್ಲ.